ಹತ್ತನೇ ವಿವಾಹ ವಾರ್ಷಿಕೋತ್ಸವಕ್ಕೆ ಪ್ರವಾಸದ ಉಡುಗೊರೆ ಕೊಡುವವರಿಗೆ

ಹತ್ತನೇ ವಾರ್ಷಿಕೋತ್ಸವಕ್ಕೆ ದಂಪತಿಗೆ ಪ್ರವಾಸವನ್ನು ಉಡುಗೊರೆಯಾಗಿ ಕೊಡುವುದಾದರೆ, ಲಕೋಟೆಯಲ್ಲಿ ಹಣವಿಡುವ ಬದಲು ನಿಗದಿಯಾದ ದಿನಾಂಕ, ಕೊಠಡಿ ಕಾಯ್ದಿರಿಸಿದ ರಸೀದಿ ಹಾಗೂ ಆ ಎರಡು ದಿನ ಮಕ್ಕಳನ್ನು ನೋಡಿಕೊಳ್ಳುವವರ ಹೆಸರು, ಈ ಮೂರನ್ನೂ ಬರೆದಿಡಿ. ಹತ್ತು ವರ್ಷದ ಸಂಸಾರದಲ್ಲಿ ಬೆಳ್ಳಿ ದೀಪ, ಸ್ಟೀಲ್ ಪಾತ್ರೆಗಳು ಆಗಲೇ ಅಟ್ಟ ಸೇರಿರುತ್ತವೆ. ಇಬ್ಬರೇ ಕುಳಿತು ಮಾತನಾಡುವ ಬಿಡುವು ಮಾತ್ರ ಇರುವುದಿಲ್ಲ, ದಿನ ಗೊತ್ತುಮಾಡದ ಪ್ರವಾಸವೋ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ವಾರ್ಷಿಕೋತ್ಸವದ ದಿನವೇ ಹೊರಡಬೇಕೆಂದಿಲ್ಲ. ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಡೆಯುತ್ತವೆ, ಆಗ ಜೋಗದಲ್ಲಿ ಬಂಡೆಯ ಮೇಲೆ ತೆಳ್ಳಗಿನ ನೀರಿನ ಗೆರೆಯಷ್ಟೇ ಕಾಣುತ್ತದೆ. ಆದ್ದರಿಂದ ಮೇ 12ರ ವಾರ್ಷಿಕೋತ್ಸವಕ್ಕೆ ಆಗಸ್ಟ್ ಕೊನೆಯ ಶನಿವಾರದ ಲಕೋಟೆ ಕೊಟ್ಟು, ಸಾಗರ ಪಟ್ಟಣದಲ್ಲಿ ರಾತ್ರಿ ಉಳಿದು ಸುಮಾರು 30 ಕಿ.ಮೀ. ದೂರದ ಜೋಗಕ್ಕೆ ಬೆಳಿಗ್ಗೆ ಹೋಗುವಂತೆ ಮಾಡಿದರೆ ಒಳ್ಳೆಯದು, ಏಕೆಂದರೆ ಮಂಜು ಕವಿದರೂ ಕಾದು ನೋಡಲು ಇಡೀ ದಿನ ಉಳಿದಿರುತ್ತದೆ. ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟದ ಮನೆಯವರಿಗೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರಿಗೆ ಈ ಉಡುಗೊರೆ ಹೊರೆಯಾಗುತ್ತದೆ. ಅಂಥವರಿಗೆ ಕೆಟ್ಟುನಿಂತ ಗ್ರೈಂಡರಿನ ಬದಲು ಹೊಸದನ್ನು ಕೊಡುವುದೇ ನಿಜವಾದ ಉಪಕಾರ.