ಮಗಳ ಮದುವೆ ಚಿನ್ನವನ್ನು ಇಟಿಎಫ್‌ನಲ್ಲಿ ಕೂಡಿಸಿದ್ದು: ನನ್ನ ಅನುಭವ

"ಕಾಗದದ ಚಿನ್ನ ಹಾಕ್ಕೊಂಡು ಮಂಟಪಕ್ಕೆ ಹೋಗ್ತಾಳಾ?" ಅಂತ ಭಾವ ಕೇಳಿದ್ದರು. ಮದುವೆ ಮುಗಿದಿದೆ. ಒಡವೆಯ ದುಡ್ಡಲ್ಲಿ ಮುಕ್ಕಾಲು ಪಾಲು ಗೋಲ್ಡ್ ಇಟಿಎಫ್‌ನಿಂದಲೇ, ಅಂದರೆ ಷೇರಿನಂತೆ ಕೊಂಡು ಮಾರುವ ಚಿನ್ನದ ಫಂಡ್‌ನಿಂದಲೇ ಬಂತು. ಈಗ ಡಿಮ್ಯಾಟ್ ಖಾತೆ ಬಗ್ಗೆ ಅವರೇ ವಿಚಾರಿಸುತ್ತಿದ್ದಾರೆ.

ಮೊದಲು ನಮ್ಮನೆಯಲ್ಲೂ ಹಬ್ಬಕ್ಕೊಂದು ನಾಣ್ಯ ಬರುತ್ತಿತ್ತು. ಗ್ರಾಂ ಸುಮಾರು 6,000 ಇದ್ದಾಗ 10 ಗ್ರಾಂ ನಾಣ್ಯಕ್ಕೆ ಮೇಕಿಂಗ್, 3% ಜಿಎಸ್‌ಟಿ ಸೇರಿ 63,000 ದಾಟಿತು. ಕೊಟ್ಟ ಬ್ಯಾಂಕ್ ವಾಪಸ್ ತಗೊಳ್ಳೋದಿಲ್ಲ. ಅಂಗಡಿಯವರು ಅವತ್ತಿನ ದರದಲ್ಲಿ 2% ಮುರಿದರು. ಅಂದರೆ ದರ ಏರದಿದ್ದರೆ ಏಳೆಂಟು ಪರ್ಸೆಂಟ್ ಸುಮ್ನೆ ಹೋಯಿತು. ಸರದ ಕಥೆ ಇನ್ನೂ ಜಾಸ್ತಿ. ಅದೇ ಹೊತ್ತಿಗೆ 22 ಕ್ಯಾರೆಟ್‌ನ 10 ಗ್ರಾಂಗೆ ಚಿನ್ನ 55,000, ವೇಸ್ಟೇಜ್ 14%, ಮೇಲೆ ಜಿಎಸ್‌ಟಿ. ಬಿಲ್ 64,000 ದಾಟುತ್ತಿತ್ತು. ಮಾರುವಾಗ ಆ ವೇಸ್ಟೇಜ್‌ಗೆ ಒಂದು ರೂಪಾಯಿಯೂ ಇಲ್ಲ.

ಕುತೂಹಲಕ್ಕೆ ಅಮ್ಮನ ಹಳೇ ಸರವನ್ನು ಕ್ಯಾರೆಟ್ ಮೀಟರ್‌ಗೆ ಇಡಿಸಿದೆ. ಮಾರಿದವರು 22 ಕ್ಯಾರೆಟ್ ಅಂದಿದ್ದರು. ಪರದೆ ಮೇಲೆ ಶುದ್ಧತೆ ಕೊಂಡಿಯಲ್ಲಿ 91%ರ ಹತ್ತಿರ, ಬೆಸುಗೆ ಹಾಕಿದ ಕಡೆ 84%ರ ಆಸುಪಾಸು ಬಂತು. ಕರಗಿಸಿದರೆ ಸರಾಸರಿಯೇ ಗತಿ, ಅಲ್ವಾ? ಈಗಿನ ಒಡವೆಯಲ್ಲಿ ಎಚ್‌ಯುಐಡಿ ಅನ್ನೋ ಆರು ಅಕ್ಷರ-ಅಂಕಿಯ ಹಾಲ್‌ಮಾರ್ಕ್ ಗುರುತು ಇರುತ್ತೆ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿಯೇ ದುಡ್ಡು ಕೊಡಿ. ಇಟಿಎಫ್‌ನ ಹಿಂದೆ ಇರೋದು 99.5% ಗಟ್ಟಿ, ಈ ತಲೆನೋವೇ ಇಲ್ಲ.

ಹಾಗಂತ ಅದೂ ಪುಕ್ಕಟೆಯಲ್ಲ. ನನ್ನ ಫಂಡ್‌ನ ಖರ್ಚು ವರ್ಷಕ್ಕೆ 0.7% ಇರಬಹುದು, ಕಾವಲಿನ ಖರ್ಚು ಅದರಲ್ಲೇ ಬಂತು. ಹತ್ತು ವರ್ಷ ಇಟ್ಟರೆ ಅದೇ ಏಳು ಪರ್ಸೆಂಟ್! ಲಾಕರ್ ಬಾಡಿಗೆ ಇಲ್ಲದವರಿಗೆ ಅಲ್ಲಿಗೆ ನಾಣ್ಯವೂ ಇಟಿಎಫೂ ಸಮ. ನಮ್ಮ ಲಾಕರ್‌ಗೆ ವರ್ಷಕ್ಕೆ ಮೂರು ಸಾವಿರದ ಹತ್ತಿರ ಹೋಗುತ್ತಿತ್ತು. ಇದ್ದ ಸ್ವಲ್ಪ ಚಿನ್ನಕ್ಕೆ ಅದೇ ದೊಡ್ಡ ಹೊರೆ. ನನಗೆ ಬೇಕಿದ್ದದ್ದು ಹತ್ತು ವರ್ಷಕ್ಕಿಂತ ಚಿಕ್ಕ ದಾರಿ, ಹಾಗಾಗಿ ಇಟಿಎಫ್ ಗೆದ್ದಿತು.

ಕೊಳ್ಳುವಾಗ ಇಷ್ಟಕ್ಕಿಂತ ಹೆಚ್ಚು ಕೊಡಲ್ಲ ಅನ್ನುವ ಲಿಮಿಟ್ ಆರ್ಡರ್ ಮಾತ್ರ. ಫಂಡ್‌ನವರ ಸೈಟಲ್ಲಿ ಐಎನ್‌ಎವಿ, ಅಂದರೆ ಒಂದು ಯೂನಿಟ್‌ನ ಹಿಂದಿರುವ ಚಿನ್ನದ ಆ ಹೊತ್ತಿನ ಮೌಲ್ಯ ನೋಡಿ, ಅದರ ಅಕ್ಕಪಕ್ಕ ಬೆಲೆ ಹಾಕುತ್ತಿದ್ದೆ. ಅಕ್ಷಯ ತದಿಗೆಯಂಥ ದಿನ ಮಾರ್ಕೆಟ್ ಬೆಲೆ ಐಎನ್‌ಎವಿಗಿಂತ ಮುಂದೆ ಓಡಬಹುದು, ಅವತ್ತು ಕೈ ಕಟ್ಟಿ ಕೂರುತ್ತಿದ್ದೆ.

ಮದುವೆಗೆ ನಾಲ್ಕು ತಿಂಗಳು ಮುಂಚೆ ಕಂತಿನಲ್ಲಿ ಮಾರಿದೆ. ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭಕ್ಕೆ 12.5% ತೆರಿಗೆ, ಅದನ್ನು ಮೊದಲೇ ಎತ್ತಿಟ್ಟಿದ್ದೆ. ದುಡ್ಡು ಖಾತೆಯಲ್ಲಿ ಇದ್ದದ್ದರಿಂದ ಮೂರು ಅಂಗಡಿ ಸುತ್ತಿ ಕೊಟೇಶನ್ ಬರೆಸಿಕೊಂಡೆ. 16% ಅಂದಿದ್ದ ವೇಸ್ಟೇಜ್ 11ಕ್ಕೆ ಇಳಿಯಿತು. ವೇಸ್ಟೇಜ್ ಕೊಟ್ಟದ್ದು ಅದೊಂದೇ ಸಲ, ಅದೂ ಮಗಳು ತಾನೇ ಆರಿಸಿದ ಡಿಸೈನ್‌ಗೆ.