ಡ್ರೈಕ್ಲೀನಿಂಗ್ ಕಡಿಮೆ ಮಾಡಿದ ಮೇಲೆ ಉಳಿದ ಬ್ಲೇಜರ್

ಬೆಂಗಳೂರಿನಲ್ಲಿ ನನ್ನದು ವಾರಕ್ಕೆ ಎರಡು ಮೂರು ದಿನ ಬ್ಲೇಜರ್ ಹಾಕಬೇಕಾದ ಕೆಲಸ. ಮೊದಲ ಉಣ್ಣೆ ಬ್ಲೇಜರನ್ನು ತಿಂಗಳಿಗೆ ಎರಡು ಸಲ ಡ್ರೈಕ್ಲೀನಿಂಗಿಗೆ ಕೊಡುತ್ತಿದ್ದೆ. ಒಂದೂವರೆ ವರ್ಷದಲ್ಲಿ ಮೊಣಕೈ ಹತ್ತಿರ ಹೊಳಪು ಬಂತು, ಎದೆ ಮೇಲೆ ಸಣ್ಣ ಗುಳ್ಳೆಗಳು ಎದ್ದವು. ಟೈಲರ್ ಅದನ್ನು ಬೆರಳಲ್ಲಿ ಹಿಡಿದು ನೋಡಿ, "ಪೇಸ್ಟಿಂಗ್ ಬಿಟ್ಟಿದೆ ಸಾರ್, ಇನ್ನು ಸರಿ ಹೋಗಲ್ಲ" ಅಂದರು. ಬಟ್ಟೆ ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ ಅಂಟಿಸಿರುವ ಪದರ ಅದು. ಮತ್ತೆ ಮತ್ತೆ ದ್ರಾವಕ, ಬಿಸಿ ತಾಗಿದರೆ ಅಂಟು ಸಡಿಲವಾಗುತ್ತದೆ. ಹೊಳಪಿಗೆ ಕಾರಣ ಬೇರೆ: ಮೇಜಿಗೆ ಉಜ್ಜಿದ್ದು, ಜೊತೆಗೆ ಇಸ್ತ್ರಿಯಲ್ಲಿ ಒತ್ತಿ ಒತ್ತಿ ಎಳೆಗಳು ಚಪ್ಪಟೆಯಾಗಿದ್ದು.

ಎರಡನೇ ಬ್ಲೇಜರಿಗೆ ಈಗ ನಾಲ್ಕು ವರ್ಷ. ಅದನ್ನು ಒಂದು ದಿನ ಹಾಕಿದರೆ ಕನಿಷ್ಠ ಎರಡು ದಿನ ಬಿಡುವು. ಮನೆಗೆ ಬಂದ ಕೂಡಲೇ ಜೇಬು ಖಾಲಿ ಮಾಡಿ, ಭುಜ ಅಗಲವಿರುವ ಮರದ ಹ್ಯಾಂಗರಿಗೆ ಹಾಕುತ್ತೇನೆ. ತಂತಿ ಹ್ಯಾಂಗರ್ ಬೇಡ, ಭುಜದಲ್ಲಿ ಗೂಟ ಎದ್ದ ಹಾಗೆ ಆಗುತ್ತದೆ. ಆಮೇಲೆ ಕುದುರೆ ಕೂದಲಿನ ಬ್ರಷ್. ಮೇಲಿಂದ ಕೆಳಕ್ಕೆ, ಸಣ್ಣ ಎಳೆತ, ಒತ್ತಡ ಇಲ್ಲದೆ. ಕಾಲರನ್ನು ಎತ್ತಿ ಅದರ ಅಡಿಯಲ್ಲೂ ಬ್ರಷ್ ಮಾಡುತ್ತೇನೆ, ಧೂಳು ಜಾಸ್ತಿ ಕೂರುವುದು ಅಲ್ಲೇ. ಎರಡು ಮೂರು ನಿಮಿಷದ ಕೆಲಸ. ರಾತ್ರಿಯಿಡೀ ಬೀರುವಿನ ಹೊರಗೆ, ಕಿಟಕಿ ಹತ್ತಿರ ಗಾಳಿಗೆ ಬಿಡುತ್ತೇನೆ. ಬೆವರಿನ ತೇವ ಹೋದರೆ ವಾಸನೆಯೂ ಹೋಗುತ್ತದೆ, ಮೊಣಕೈ ಸುಕ್ಕೂ ಅರ್ಧ ತಾನೇ ಬಿಡುತ್ತದೆ. ಬಿಸಿಲಿಗೆ ಮಾತ್ರ ಹಾಕಬಾರದು, ಬಣ್ಣ ಮಾಸುತ್ತದೆ.

ಉಳಿದ ಸುಕ್ಕಿಗೆ ಕೈ ಸ್ಟೀಮರ್. ಸುಮಾರು ಎರಡು ಬೆರಳಷ್ಟು ದೂರದಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ಮೆಲ್ಲಗೆ ಎಳೆಯುತ್ತೇನೆ. ಹಬೆಗೆ ಉಣ್ಣೆ ಸಡಿಲವಾಗುತ್ತದೆ, ಆರುವಾಗ ಹೇಗಿದೆಯೋ ಹಾಗೇ ನಿಲ್ಲುತ್ತದೆ. ಅದಕ್ಕೇ ಸ್ಟೀಮ್ ಮಾಡಿದ ತಕ್ಷಣ ಹಾಕಿಕೊಳ್ಳುವುದಿಲ್ಲ, ಅರ್ಧ ಗಂಟೆ ತೂಗುಹಾಕುತ್ತೇನೆ. ಎದೆಯ ಭಾಗದಲ್ಲಿ ಹಬೆ ಸುಮ್ನೆ ಹಾದುಹೋದರೆ ಸಾಕು. ಅಲ್ಲಿರುವುದೂ ಅದೇ ಪೇಸ್ಟಿಂಗ್ ಅಲ್ವಾ!

ಹೋದ ವರ್ಷ ಶಿವಮೊಗ್ಗದಲ್ಲಿ ಒಂದು ಮದುವೆ ಊಟದಲ್ಲಿ ತೋಳಿನ ಮೇಲೆ ಸಾರು ಚೆಲ್ಲಿತು. ಉಜ್ಜಲಿಲ್ಲ. ಒಣ ಬಟ್ಟೆಯಲ್ಲಿ ಒತ್ತಿ ಹೀರಿಸಿದೆ, ಆಮೇಲೆ ತಣ್ಣೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಅಂಚಿನಿಂದ ನಡುವಿಗೆ ಒತ್ತುತ್ತಾ ಬಂದೆ. ಅರಿಶಿನದ ಹಳದಿ ಸ್ವಲ್ಪ ಉಳಿಯಿತು, ಜಿಡ್ಡೂ ಇತ್ತು. ಇಂಥದ್ದಕ್ಕೆ ಮನೆಮದ್ದು ಬೇಡ. ಮಾರನೇ ದಿನವೇ ಡ್ರೈಕ್ಲೀನರಿಗೆ ಕೊಟ್ಟು, ಕಲೆ ಯಾವುದರದ್ದು ಅಂತ ಹೇಳಿದೆ.

ಅದು ಬಿಟ್ಟರೆ ವರ್ಷಕ್ಕೆ ಒಂದೇ ಸಲ, ಮಳೆಗಾಲಕ್ಕೆ ಎತ್ತಿಡುವ ಮುಂಚೆ. ಬೆವರು, ಅನ್ನದ ಕಲೆ ಇರುವ ಉಣ್ಣೆಗೇ ನುಸಿ ಹುಳು ಬೇಗ ಹತ್ತುತ್ತದೆ. ಅಂಗಡಿಯ ಪ್ಲಾಸ್ಟಿಕ್ ಕವರನ್ನು ಅಲ್ಲೇ ತೆಗೆದು, ಹತ್ತಿ ಬಟ್ಟೆಯ ಚೀಲದಲ್ಲಿ ತೂಗುಹಾಕುತ್ತೇನೆ.