ಧಾರಣೆ ಕಿವಿಗೆ ಸರಿಯಾಗಿ ಬೀಳಬೇಕೆ? ಮೊದಲು ಅಂಕಿ ಬಿಡಿಸಿ

ಶಿರಸಿಯ ನಮ್ಮ ದೊಡ್ಡಪ್ಪನಿಗೆ ಕಣ್ಣು ಮಂಜಾಗಿದೆ. ಅಡಿಕೆ ಧಾರಣೆಯನ್ನು ಫೋನೇ ಓದಿ ಹೇಳಲಿ ಎಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟೆ. ಮೊದಲ ದಿನ ಅದು ‘ರೂ’ ಎಂದು ನಿಂತುಬಿಟ್ಟಿತು. ಆಮೇಲೆ ‘ನಲವತ್ತಾರು’. ಸ್ವಲ್ಪ ತಡೆದು ‘ಎಂಟುನೂರ ತೊಂಬತ್ತೊಂಬತ್ತು’. ಕೊನೆಗೆ ಒಂಟಿಯಾಗಿ ‘ರಿಂದ’.

“ಸಾವಿರ ಎಲ್ಲಿಗೆ ಹೋತೋ ತಮಾ?” ಎಂದರು ದೊಡ್ಡಪ್ಪ.

ಬರೆದ ಸಾಲನ್ನು ಆಡುವ ಮಾತಾಗಿ ಬಿಡಿಸಿ ಆಮೇಲೆ ಧ್ವನಿಗೆ ಕೊಡಬೇಕು. ಮಾದರಿಗೆ ಈ ಸಾಲು ನೋಡಿ:

```
ರಾಶಿ ಅಡಿಕೆ ಕ್ವಿಂ.ಗೆ ರೂ. 46,899ರಿಂದ ರೂ. 49,500ರವರೆಗೆ
```

ಮೊದಲು ಫೋನ್ ನಂಬರುಗಳನ್ನು ಬೇರೆ ಮಾಡಿ. 08384 ಎಂಬ ಶಿರಸಿಯ ಕೋಡನ್ನು ಒಂದೊಂದೇ ಅಂಕಿಯಾಗಿ ಓದಬೇಕು. ಇಲ್ಲದಿದ್ದರೆ ಮೊದಲ ಸೊನ್ನೆ ಹಾರಿ ‘ಎಂಟು ಸಾವಿರದ ಮುನ್ನೂರ...’ ಎಂದು ಶುರುವಾಗುತ್ತದೆ.

ಎರಡನೆಯದು, ಚುಕ್ಕಿ. ‘ಕ್ವಿಂ.’ ನಂತರದ ಚುಕ್ಕಿಯನ್ನು ಯಂತ್ರ ವಾಕ್ಯದ ಕೊನೆ ಅಂದುಕೊಳ್ಳುತ್ತದೆ. ಆದ್ದರಿಂದ ವಾಕ್ಯ ತುಂಡರಿಸುವ ಮೊದಲೇ ‘ಕ್ವಿಂ.ಗೆ’ ಎಂಬುದನ್ನು ‘ಕ್ವಿಂಟಲ್‌ಗೆ’ ಮಾಡಿ.

ಮೂರನೆಯದು ಹಣ. ಇಲ್ಲೇ ಜಾಸ್ತಿ ಎಡವುವುದು. ನಾವು ‘ರೂ.’ ಅನ್ನು ಅಂಕಿಗಿಂತ ಮೊದಲು ಬರೆದು, ಹೇಳುವಾಗ ಅಂಕಿ ಆದ ಮೇಲೆ ಹೇಳುತ್ತೇವೆ ಅಲ್ವಾ? ಸುಮ್ನೆ ಜಾಗ ಬದಲಿಸಿದರೆ ಸಾಲದು. ಪ್ರತ್ಯಯವೂ ಅಂಕಿಯನ್ನು ಬಿಟ್ಟು ರೂಪಾಯಿಗೆ ಅಂಟಬೇಕು. ‘ರೂ. 500ಕ್ಕೆ’ ಎಂದು ಬರೆದಿದ್ದರೂ ಹೇಳುವುದು ‘ಐನೂರು ರೂಪಾಯಿಗೆ’. ಹಾಗೆಯೇ ‘ರಿಂದ’ ಹೋಗಿ ‘ರೂಪಾಯಿಯಿಂದ’, ‘ರವರೆಗೆ’ ಹೋಗಿ ‘ರೂಪಾಯಿಯವರೆಗೆ’. ಹಾಗಾಗಿ ‘ರೂ.’, ಅಂಕಿ, ಪ್ರತ್ಯಯ ಮೂರನ್ನೂ ಒಟ್ಟಿಗೆ ಹಿಡಿಯಿರಿ:

```python
import re
p = r'(?:ರೂ\.|₹)\s*(\d+(?:,\d+)*)(ರವರೆಗೆ|ರಿಂದ|ಕ್ಕೆ|ರ)?'
s = re.sub(p, bidisu, s)
```

ಉದ್ದದ ಪ್ರತ್ಯಯ ಮೊದಲು ಬರಲಿ. ‘ರ’ ಮೊದಲಿದ್ದರೆ ‘ರಿಂದ’ದ ರಕಾರವನ್ನು ಮಾತ್ರ ಕಿತ್ತುಕೊಂಡು, ಗುಡಿಸು ಅನಾಥವಾಗಿ ಉಳಿಯುತ್ತದೆ. ಪೈಥಾನಿನ `\d` ಮತ್ತು `int` ಕನ್ನಡ ಅಂಕಿಗಳನ್ನೂ ಗುರುತಿಸುತ್ತವೆ, ೪೬ ಎಂದಿದ್ದರೂ ಚಿಂತೆಯಿಲ್ಲ.

ಇನ್ನು `bidisu` ಒಳಗಿನ ಕೆಲಸ. ಅಲ್ಪವಿರಾಮ ತೆಗೆದು ಲಕ್ಷ, ಸಾವಿರ, ನೂರು ಎಂದು ಭಾಗ ಮಾಡಿ. ಒಂದರಿಂದ ತೊಂಬತ್ತೊಂಬತ್ತರವರೆಗೆ ಪಟ್ಟಿಯನ್ನೇ ಬರೆದಿಡಿ. ನೂರುಗಳಿಗೂ ಪಟ್ಟಿ ಬೇಕು: ಇನ್ನೂರು, ಮುನ್ನೂರು, ನಾನೂರು, ಒಂಬೈನೂರು ಲೆಕ್ಕ ಹಾಕಿ ಬರುವ ರೂಪಗಳಲ್ಲ. ಮುಂದೆ ಅಂಕಿ ಉಳಿದಿದ್ದರೆ ಸಾವಿರ ‘ಸಾವಿರದ’ ಆಗುತ್ತದೆ, ನೂರು ‘ನೂರ’ ಆಗುತ್ತದೆ. ಉಳಿಯದಿದ್ದರೆ ಹಾಗೇ ಇರಲಿ. ನಮ್ಮ ಸಾಲು ಈಗ ಹೀಗೆ:

‘ರಾಶಿ ಅಡಿಕೆ ಕ್ವಿಂಟಲ್‌ಗೆ ನಲವತ್ತಾರು ಸಾವಿರದ ಎಂಟುನೂರ ತೊಂಬತ್ತೊಂಬತ್ತು ರೂಪಾಯಿಯಿಂದ ನಲವತ್ತೊಂಬತ್ತು ಸಾವಿರದ ಐನೂರು ರೂಪಾಯಿಯವರೆಗೆ.’

ಕೊನೆಗೆ `[0-9೦-೯₹]` ಹುಡುಕಿ. ಒಂದು ಸಿಕ್ಕರೂ ಯಾವುದೋ ನಿಯಮ ತಪ್ಪಿದೆ ಎಂದರ್ಥ. ‘ಉ.ಕ.’ದಂಥದ್ದು ಮಾತ್ರ ಈ ಬಲೆಗೆ ಬೀಳುವುದಿಲ್ಲ. ಅದು ಉತ್ತರ ಕನ್ನಡವೂ ಹೌದು, ಉತ್ತರ ಕರ್ನಾಟಕವೂ ಹೌದು. ಪಕ್ಕದಲ್ಲಿ ‘ಜಿಲ್ಲೆ’ ಇದ್ದರೆ ನಾನು ಉತ್ತರ ಕನ್ನಡ ಎಂದೇ ಬಿಡಿಸುತ್ತೇನೆ. ಇಲ್ಲದಿದ್ದರೆ ಆ ಸಾಲನ್ನು ಬೇರೆ ತೆಗೆದಿಟ್ಟು ಕಣ್ಣಾರೆ ಓದಿ ಸರಿಮಾಡುತ್ತೇನೆ.